ಜುಲಾಬಿನ ಉಪ್ಪು

೧೯೭೭ರ ಜುಲೈ ತಿಂಗಳಲ್ಲಿ, ಹನ್ನೊಂದು ಜನರ ಎದುರು, ಡಾಕ್ಟರ್ ಅಮರಪ್ಪ ನಮ್ಮ ಅಬ್ಬಾನ ಕೈಗೆ ಗಾಜಿನ ಲೋಟ ಕೊಟ್ಟು, "ಸರಿ ಕಲಸೀದಿ ಅಂದ್ರ ಕುಡದ ತೋರ್ಸು" ಎಂದರು. ಅಬ್ಬಾ ಕುಡಿದರು. ಅದರಲ್ಲಿ ಇದ್ದದ್ದು ಇಲಿಯ ಮಿದುಳಿನ ಚೂರುಗಳನ್ನು ಜೀವಂತ ಇಡುವ ಉಪ್ಪುನೀರು. ಕುಡಿದರೆ ಏನೂ ಆಗುವುದಿಲ್ಲ, ಬಾಯಿ ಉಪ್ಪಾಗುತ್ತದೆ ಅಷ್ಟೆ. ಅತಿಥಿಗಳಲ್ಲಿ ಇಬ್ಬರು ನಕ್ಕರು. ಅಬ್ಬಾ ಟವೆಲ್ಲಿನಿಂದ ಬಾಯಿ ಒರೆಸಿಕೊಂಡು, ಲೋಟ ತೊಳೆದಿಟ್ಟು, ಇಟ್ಟಂಗಿಹಾಳದ ರಸ್ತೆಯಿಂದ ಜೋರಾಪುರ ಪೇಟೆಯ ನಮ್ಮ ಮನೆಯ ತನಕ ನಡೆದು ಬಂದರು. ಬಂದವರು ಮತ್ತೆ ಆ ಕಡೆ ಹೋಗಲಿಲ್ಲ.

ಕುತುಬುದ್ದೀನ ಕಂಪೌಂಡರ ಎಂದರೆ ಟಿಕೋಟಾದಲ್ಲಿ ಇಪ್ಪತ್ತೆರಡು ವರ್ಷ ಎಲ್ಲರಿಗೂ ಗೊತ್ತಿದ್ದ ಹೆಸರು. ದವಾಖಾನೆಯ ಡಾಕ್ಟರು ಚೀಟಿ ಬರೆಯುತ್ತಿದ್ದರು, ಅಬ್ಬಾ ತೂಗಿ ಕಲಸುತ್ತಿದ್ದರು. ಅಮರಪ್ಪ ಎಂಟು ವರ್ಷ ಪರದೇಶದಲ್ಲಿ ಮಿದುಳಿನ ಕೆಲಸ ಕಲಿತು ಬಂದು, ತಮ್ಮ ತಂದೆ ಬಿಟ್ಟುಕೊಟ್ಟ ಕಟ್ಟಡದಲ್ಲಿ ಸಂಶೋಧನಾ ಕೇಂದ್ರ ತೆರೆದಾಗ, ಉಪ್ಪು ತೂಗಲು ನಂಬಿಕೆಯ ಕೈ ಬೇಕೆಂದು ಅವರನ್ನು ಕರೆಸಿಕೊಂಡಿದ್ದರು. ಆ ಮಳೆಗಾಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡಿನ ಬಾಟಲಿ ಹಸಿಯಾಗಿತ್ತು. ಆ ಉಪ್ಪು ಗಾಳಿಯ ನೀರನ್ನು ಕುಡಿಯುತ್ತದೆ. ತೂಕ ಸರಿ ಬಂದರೂ ಅದರಲ್ಲಿ ಅರ್ಧ ನೀರೇ ಇರುತ್ತದೆ. ಅಬ್ಬಾ ಎರಡು ಸಲ ಹೇಳಿದರು. ಹೊಸದು ಬರಲು ತಿಂಗಳಾಗುತ್ತದೆ, ಅದನ್ನೇ ತೂಗು ಎಂದರು ಅಮರಪ್ಪ. ಅತಿಥಿಗಳ ಎದುರು ಪ್ರಯೋಗ ಕೈಕೊಟ್ಟಿತು. ಲೋಟ ಬಂತು.

ಸುದ್ದಿ ಅವರಿಗಿಂತ ಮೊದಲು ಟಿಕೋಟಾ ಮುಟ್ಟಿತು. ಹಳೆಯ ದವಾಖಾನೆಗೆ ಕೆಲಸ ಕೇಳಲು ಹೋದಾಗ ಅಲ್ಲಿನ ಡಾಕ್ಟರು ಚಹಾ ಕೊಟ್ಟು, ಜನ ಅಂಜುತ್ತಾರೆ, ತಪ್ಪು ಕಲಸುವ ಕೈ ಅನ್ನುತ್ತಾರೆ ಎಂದು ನೆಲ ನೋಡುತ್ತ ಹೇಳಿದರು. ಆಮೇಲೆ ಅಬ್ಬಾ ಇಸಾಕಮಾಮಾನ ಹಗ್ಗದ ಅಂಗಡಿಯಲ್ಲಿ ಕುಳಿತರು. ಮೊಳದ ಗಿರಾಕಿ ಬಂದರೆ ತಾವೇ ಅಳೆದು ಕೊಡುವರು. ತೂಕದ ಗಿರಾಕಿ ಬಂದರೆ ಮಾಮಾನನ್ನು ಕರೆಯುವರು. ತಕ್ಕಡಿ ಮುಟ್ಟುತ್ತಿರಲಿಲ್ಲ.

ನಾನು ಆಗ ಬಿ.ಎಸ್ಸಿ. ಮುಗಿಸಿದ್ದೆ. ಎರಡು ತಿಂಗಳು ಬಿಟ್ಟು ಅದೇ ಕೇಂದ್ರಕ್ಕೆ ಹೋಗಿ ಅದೇ ಕೆಲಸ ಕೇಳಿದೆ. ಅಮರಪ್ಪ ಕೊಟ್ಟರು. ಬಂದವರಿಗೆಲ್ಲ ನನ್ನನ್ನು ತೋರಿಸಿ, ನೋಡ್ರಿ, ನನ್ನ ಮನಸ್ನ್ಯಾಗ ಏನೂ ಇಲ್ಲ, ಅಪ್ಪ ಕೆಡಿಸಿದ್ರೂ ಮಗಳಿಗೆ ಅನ್ನ ಕೊಟ್ಟೇನಿ ಎನ್ನುವರು. ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ನನಗೆ ಬೇಕಾದದ್ದು ಒಂದೇ. ಅವರೂ ಹನ್ನೊಂದು ಜನರ ಎದುರು ಹಾಗೆ ನಿಲ್ಲಬೇಕು.

ಅದಕ್ಕೆ ಮೊದಲು ಅವರ ಕೆಲಸ ನನಗೆ ಅವರಷ್ಟೇ ಗೊತ್ತಾಗಬೇಕಿತ್ತು. ಕಲಿತೆ.

ಇಲಿಯ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಸುರುಳಿ ಇದೆ. ಅದನ್ನು ಅರ್ಧ ಮಿಲಿಮೀಟರಿಗಿಂತ ತೆಳುವಾಗಿ ಹೋಳು ಮಾಡಿ, ಆಮ್ಲಜನಕ ಬಿಟ್ಟ ಬೆಚ್ಚನೆಯ ಉಪ್ಪುನೀರಿನಲ್ಲಿಟ್ಟರೆ ಗಂಟೆಗಟ್ಟಲೆ ಬದುಕುತ್ತದೆ. ಒಂದು ಕಡೆ ತಂತಿಯಿಂದ ಸಣ್ಣ ವಿದ್ಯುತ್ ಪೆಟ್ಟು ಕೊಡಬೇಕು. ನರದ ತುದಿಯಿಂದ ಗ್ಲುಟಮೇಟ್ ಎಂಬ ದ್ರವ್ಯ ಸುರಿದು ಎದುರಿನ ಜೀವಕೋಶಕ್ಕೆ ತಾಗುತ್ತದೆ, ಪರದೆಯ ಮೇಲೆ ಗೆರೆ ಒಮ್ಮೆ ಕುಸಿದು ಏಳುತ್ತದೆ. ಅರ್ಧ ನಿಮಿಷಕ್ಕೊಂದು ಪೆಟ್ಟು ಕೊಡುತ್ತ ಹೋದರೆ ಕುಸಿತ ಅಷ್ಟೇ ಇರುತ್ತದೆ. ಆದರೆ ಒಂದು ಸೆಕೆಂಡಿನಲ್ಲಿ ನೂರು ಪೆಟ್ಟು ಒಟ್ಟಿಗೆ ಕೊಟ್ಟು, ಮತ್ತೆ ಮೊದಲಿನಂತೆ ಒಂದೊಂದೇ ಕೊಟ್ಟರೆ, ಕುಸಿತ ಒಂದೂವರೆ ಪಟ್ಟಾಗಿರುತ್ತದೆ. ಹಾಗೇ ತಾಸುಗಟ್ಟಲೆ ನಿಲ್ಲುತ್ತದೆ. ಆ ಎರಡು ಕೋಶಗಳ ನಡುವಿನ ಸಂಧಿ ಗಟ್ಟಿಯಾಯಿತು ಎಂದರ್ಥ. ನೆನಪು ಅನ್ನುವುದು ಇದೇ ಇರಬಹುದು ಎಂದು ಪರದೇಶದವರು ಬರೆಯುತ್ತಿದ್ದರು. ಅಮರಪ್ಪ ಮಾಡಿ ತೋರಿಸುತ್ತಿದ್ದದ್ದೂ ಇದನ್ನೇ. ೧೯೭೯ರ ಫೆಬ್ರುವರಿಯಲ್ಲಿ ದಿಲ್ಲಿಯ ಸಮಿತಿ ನೋಡಲು ಬರುವುದಿತ್ತು. ನೋಡಿ ಮೆಚ್ಚಿದರೆ ಕೇಂದ್ರ ಕಾಯಂ, ಇಲ್ಲದಿದ್ದರೆ ಬೀಗ.

ಪ್ರಯೋಗ ಕೆಡಿಸುವುದು ಸುಲಭ. ನೀರಿಗೆ ಏನು ಹಾಕಿದರೂ ಹೋಳು ಸಾಯುತ್ತದೆ. ಆದರೆ ಹೋಳು ಸತ್ತರೆ ಅಮರಪ್ಪ ಬೇರೆ ಇಲಿ, ಬೇರೆ ನೀರು ತರಿಸುತ್ತಾರೆ. ನನಗೆ ಬೇಕಾಗಿದ್ದು ಬೇರೆ. ಹೋಳು ಚೆನ್ನಾಗಿ ಬದುಕಿರಬೇಕು, ಪೆಟ್ಟಿಗೆ ಪೆಟ್ಟು ಉತ್ತರ ಕೊಡಬೇಕು, ಎಲ್ಲವೂ ಸರಿ ಇದೆ ಎಂದು ಅವರು ಎಲ್ಲರ ಎದುರು ಬಾಯಿ ತುಂಬ ಹೇಳಬೇಕು. ಆಮೇಲೆ ಅದು ನೆನಪಿಡಬಾರದು.

ಅವರ ಕಪಾಟಿನ ಪತ್ರಿಕೆಗಳನ್ನು ನಾನು ಊಟದ ಹೊತ್ತಿನಲ್ಲಿ ಓದುತ್ತಿದ್ದೆ. ಎರಡು ವರ್ಷ ಹಿಂದಿನ ಒಂದು ಲೇಖನ ಸಿಕ್ಕಿತು. ಕಪ್ಪೆಯ ಬೆನ್ನುಹುರಿಯ ಮೇಲೆ ಎನ್‌ಎಂಡಿಎ ಎಂಬ ದ್ರವ್ಯ ಹಾಕಿದರೆ ನರಕೋಶಗಳು ಹುಚ್ಚೆದ್ದು ಮಿಡಿಯುತ್ತವೆ, ಆದರೆ ನೀರಿಗೆ ಮೆಗ್ನೀಸಿಯಂ ಸೇರಿಸಿದರೆ ತೆಪ್ಪಗಾಗುತ್ತವೆ, ಉಳಿದ ಕೆಲವು ದ್ರವ್ಯಗಳ ಪರಿಣಾಮ ಮಾತ್ರ ಹಾಗೆ ಅಡಗುವುದಿಲ್ಲ ಎಂದಿತ್ತು. ಅಂದರೆ ಗ್ಲುಟಮೇಟ್ ತಟ್ಟುವ ಬಾಗಿಲು ಒಂದೇ ಅಲ್ಲ, ಒಂದಕ್ಕಿಂತ ಹೆಚ್ಚು. ಅದರಲ್ಲಿ ಎನ್‌ಎಂಡಿಎ ಬಾಗಿಲಿಗೆ ಮೆಗ್ನೀಸಿಯಂ ಅಡ್ಡ ಬರುತ್ತದೆ.

ಮೆಗ್ನೀಸಿಯಂ ಸಲ್ಫೇಟ್ ನಮ್ಮ ಕಡೆ ಎಲ್ಲರಿಗೂ ಗೊತ್ತು. ಜುಲಾಬಿನ ಉಪ್ಪು. ಅಬ್ಬಾ ಟಿಕೋಟಾದಲ್ಲಿ ಅದನ್ನು ಸೇರುಗಟ್ಟಲೆ ಪೊಟ್ಟಣ ಕಟ್ಟಿದ್ದಾರೆ. ನಮ್ಮ ಉಪ್ಪುನೀರಿನಲ್ಲೂ ಅದು ಸ್ವಲ್ಪ ಇರುತ್ತದೆ, ಐದು ಲೀಟರಿಗೆ ಒಂದು ಗ್ರಾಮ್ ಆರುನೂರು ಮಿಲಿಗ್ರಾಮ್. ನಾನು ಹತ್ತು ಪಟ್ಟು ತೂಗಿದೆ, ಹದಿನಾರು ಗ್ರಾಮ್. ಮೆಗ್ನೀಸಿಯಂ ಹೆಚ್ಚಾದರೆ ನರದ ತುದಿಯಿಂದ ಗ್ಲುಟಮೇಟ್ ಸುರಿಯುವುದೂ ಕಡಿಮೆಯಾಗುತ್ತದೆ, ಉತ್ತರ ಕುಗ್ಗುತ್ತದೆ. ಅದನ್ನು ಮುಚ್ಚಲು ಕ್ಯಾಲ್ಸಿಯಂ ಸ್ವಲ್ಪ ಏರಿಸಿದೆ, ಪೆಟ್ಟಿನ ಗುಂಡಿಯನ್ನೂ ಒಂದು ಗೆರೆ ಏರಿಸಿದೆ. ಕುಸಿತ ಮೊದಲಿನಷ್ಟೇ ಬಂತು.

ರವಿವಾರ ಅಮರಪ್ಪ ಬಬಲೇಶ್ವರದ ತಮ್ಮ ಮನೆಗೆ ಹೋಗುತ್ತಿದ್ದರು. ಇಲಿ ಸಾಕುವ ದಾದಾಸಾಬ ಕಾಕಾ ನನ್ನ ಕಡೆ ನೋಡುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ಒಮ್ಮೆ ಮಾತ್ರ ಡಬ್ಬಿ ಕಂಡು, "ಇಲಿಗೂ ಜುಲಾಬ ಕೊಡಾಕತ್ತೇನ ಬೇ? ಪಂಜರಾ ತೊಳ್ಯಾಂವ ನಾ ಅದೀನಿ, ಅಷ್ಟ ನೆಪ್ಪಿಡು" ಎಂದರು.

ನಾಲ್ಕು ರವಿವಾರ, ಏಳು ಹೋಳು. ಏಳಕ್ಕೂ ನೂರು ಪೆಟ್ಟಿನ ಸುರಿಮಳೆ ಕೊಟ್ಟೆ. ಏಳರಲ್ಲೂ ಕುಸಿತ ಕೆಲವು ನಿಮಿಷ ದೊಡ್ಡದಾಗಿ, ಹತ್ತು ನಿಮಿಷದಲ್ಲಿ ಮೊದಲಿನ ಜಾಗಕ್ಕೇ ಬಂತು. ನಿಲ್ಲಲಿಲ್ಲ. ಆಮೇಲೆ ಅದೇ ಹೋಳನ್ನು ಎಂದಿನ ನೀರಿನಲ್ಲಿ ಮುಕ್ಕಾಲು ತಾಸು ತೊಳೆದು ಮತ್ತೆ ಕೊಟ್ಟೆ. ಎರಡು ಅಷ್ಟರಲ್ಲಿ ಸತ್ತಿದ್ದವು. ಉಳಿದ ಐದರಲ್ಲಿ ಏರಿತು, ಇಳಿಯಲಿಲ್ಲ. ಶೀತಪೆಟ್ಟಿಗೆಯಲ್ಲಿ ಎನ್‌ಎಂಡಿಎಯ ಪುಟ್ಟ ಶೀಸೆ ಇತ್ತು. ಅದನ್ನೂ ಹಾಕಿ ನೋಡಿದೆ. ಎಂದಿನ ನೀರಿನಲ್ಲಿ ಕೋಶಗಳು ಕಿರುಚಿದವು. ನನ್ನ ನೀರಿನಲ್ಲಿ ಹೆಚ್ಚುಕಡಿಮೆ ಸುಮ್ಮನಿದ್ದವು, ಪೆಟ್ಟಿಗೆ ಉತ್ತರ ಮಾತ್ರ ಕೊಡುತ್ತಿದ್ದವು.

ನಾಲ್ಕನೆಯ ರವಿವಾರ ಮಧ್ಯಾಹ್ನ ಪೆನ್ನು ಹಿಡಿದು ಕುಳಿತಾಗ, ನನ್ನ ಕೈಯಲ್ಲಿ ಇರುವುದು ಬರೀ ಸೇಡಿನ ಸಾಧನವಲ್ಲ ಎಂದು ತಿಳಿಯಿತು. ದಿನದ ಸುದ್ದಿ ಒಂದು ಬಾಗಿಲಿನಿಂದ ಹೋಗುತ್ತದೆ. ಸುದ್ದಿ ನೆನಪಾಗಿ ನಿಲ್ಲಬೇಕಾದರೆ ಇನ್ನೊಂದು ಬಾಗಿಲು ತೆರೆಯಬೇಕು, ಎನ್‌ಎಂಡಿಎ ಬಾಗಿಲು. ಸುಮ್ಮನಿರುವ ಕೋಶದಲ್ಲಿ ಅದರ ಬಾಯಿಗೆ ಮೆಗ್ನೀಸಿಯಂ ಬಿರಡೆಯಂತೆ ಕುಳಿತಿರುತ್ತದೆ. ಗ್ಲುಟಮೇಟ್ ಬಂದು ತಾಗಿದರೂ ಒಳಗೆ ಏನೂ ಹೋಗುವುದಿಲ್ಲ. ಪೆಟ್ಟುಗಳು ಮೇಲಿಂದ ಮೇಲೆ ಬಿದ್ದು ಕೋಶದ ಒಳಗಿನ ವಿದ್ಯುತ್ತು ಏರಿದಾಗ ಬಿರಡೆ ಹಾರುತ್ತದೆ. ಗ್ಲುಟಮೇಟೂ ಇರಬೇಕು, ಕೋಶವೂ ಅದೇ ಹೊತ್ತಿಗೆ ಎದ್ದಿರಬೇಕು. ಆಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಸಂಧಿಯನ್ನು ಗಟ್ಟಿ ಮಾಡು ಎಂಬ ಅಪ್ಪಣೆ ಆ ಕ್ಯಾಲ್ಸಿಯಮ್ಮೇ. ನಾನು ಬಿರಡೆಗಳನ್ನು ಹತ್ತು ಪಟ್ಟು ಮಾಡಿದ್ದೆ. ಒಂದು ಹಾರಿದರೆ ಇನ್ನೊಂದು ಕುಳಿತುಕೊಳ್ಳುತ್ತಿತ್ತು.

ಬಿರಡೆ ವಿದ್ಯುತ್ತಿಗೆ ಹಾರುತ್ತದೆ ಎನ್ನುವುದು, ಕ್ಯಾಲ್ಸಿಯಂ ಅಲ್ಲಿಂದಲೇ ಹೋಗುತ್ತದೆ ಎನ್ನುವುದು ಆಗ ನನ್ನ ಊಹೆ. ಮೆಗ್ನೀಸಿಯಂ ಇನ್ನೂ ಹತ್ತು ಕಡೆ ಕೈ ಹಾಕುತ್ತದೆ, ಏಳು ಹೋಳಿನಿಂದ ಇಷ್ಟೆಲ್ಲ ಸಾಬೀತಾಗುವುದಿಲ್ಲ ಎಂದೂ ಅದೇ ಪುಟದಲ್ಲಿ ಬರೆದಿಟ್ಟೆ. ನಾಲ್ಕೈದು ವರ್ಷದ ಮೇಲೆ ಬೇರೆ ದೇಶದವರು ಒಬ್ಬರಾದ ಮೇಲೆ ಒಬ್ಬರು ಇದನ್ನೆಲ್ಲ ಗಟ್ಟಿಯಾಗಿ ತೋರಿಸಿದರು. ಆ ಮಾತು ಇರಲಿ.

ಅಮರಪ್ಪನಿಗೆ ಆ ಪುಟ ತೋರಿಸಿದ್ದರೆ ಅದು ಅವರದಾಗುತ್ತಿತ್ತು. ತೋರಿಸಲಿಲ್ಲ.

ಸಮಿತಿ ಬಂತು. ಆ ದಿನ ಬಾಟಲಿಯಲ್ಲಿದ್ದದ್ದು ನನ್ನ ಹದಿನಾರು ಗ್ರಾಮಿನ ನೀರು, ಪೆಟ್ಟಿನ ಗುಂಡಿಯೂ ಒಂದು ಗೆರೆ ಮೇಲಿತ್ತು. ದಿಲ್ಲಿಯವರು ಇಬ್ಬರು, ಹೈದರಾಬಾದಿನ ಒಬ್ಬ ಮುದಿ ಪ್ರೊಫೆಸರು, ಊರಿನ ಗಣ್ಯರು ಎಂಟು ಜನ. ನಾನು ಎಣಿಸಿದೆ, ಹನ್ನೊಂದೇ. ಅಮರಪ್ಪ ಹೊಸ ಕೋಟು ಹಾಕಿದ್ದರು. ಹೋಳು ಇಟ್ಟರು, ಪೆಟ್ಟು ಕೊಟ್ಟರು, ಕುಸಿತ ತೋರಿಸಿ, ಇಂಥ ಆರೋಗ್ಯವಂತ ಹೋಳು ನಿಮಗೆ ಮುಂಬಯಿಯಲ್ಲೂ ಸಿಗದು ಎಂದರು. ಸುರಿಮಳೆ ಕೊಟ್ಟರು. ಗೆರೆ ದೊಡ್ಡದಾಗಿ ಕುಸಿಯಿತು. ಒಬ್ಬರು ಚಪ್ಪಾಳೆ ತಟ್ಟಿದರು. ಅಮರಪ್ಪ ಬೆನ್ನು ಪರದೆಗೆ ಮಾಡಿ, ನೆನಪು ಎಂದರೇನು ಎಂದು ಭಾಷಣ ಸುರು ಮಾಡಿದರು. ಅವರ ಬೆನ್ನ ಹಿಂದೆ ಗೆರೆ ಅರ್ಧ ನಿಮಿಷಕ್ಕೊಮ್ಮೆ ಸಣ್ಣದಾಗುತ್ತ ಹೋಯಿತು. ಎಲ್ಲರೂ ನೋಡುತ್ತಿದ್ದರು. ಅವರು ತಿರುಗಿದಾಗ ಅದು ಮೊದಲಿದ್ದಲ್ಲೇ ಇತ್ತು.

ಎರಡನೆಯ ಹೋಳು. ಮೂರನೆಯದು. ಕೋಟಿನ ಕಂಕುಳು ಒದ್ದೆಯಾಯಿತು. ನಾನು ಮೂಲೆಯಲ್ಲಿ ನಿಂತು ಅವರ ಕುತ್ತಿಗೆ ನೋಡುತ್ತಿದ್ದೆ. ಎರಡು ವರ್ಷದಲ್ಲಿ ಅಷ್ಟು ಸುಖವಾದ ಹೊತ್ತು ನನಗೆ ಬಂದಿರಲಿಲ್ಲ.

ಹೈದರಾಬಾದಿನ ಪ್ರೊಫೆಸರು ಒಬ್ಬರೇ ಪರದೆಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿದರು. ಹೋಳು ಬದುಕಿದೆ, ಉತ್ತರ ಚೆನ್ನಾಗಿದೆ, ನಿಲ್ಲುವುದು ಮಾತ್ರ ಹೋಗಿದೆ, ಇದು ಸೋಲಲ್ಲ, ಇದರಲ್ಲಿ ಏನೋ ಇದೆ, ಯಾರಿಗಾದರೂ ತೋಚುತ್ತದೆಯೇ ಎಂದು ಸುತ್ತಲೂ ಕೇಳಿದರು. ಅವರ ಕಣ್ಣು ನನ್ನ ಮೇಲೂ ಹಾಯಿತು. ಏಳು ಹೋಳಿನ ವಹಿ ನನ್ನ ಚೀಲದಲ್ಲೇ ಇತ್ತು. ಬಾಯಿ ತೆರೆದರೆ ಆ ಮನುಷ್ಯ ನನ್ನನ್ನು ಹೈದರಾಬಾದಿಗೆ ಕರೆದೊಯ್ಯುತ್ತಿದ್ದರೋ ಏನೋ. ಅದೇ ಬಾಯಿಂದ ಅಮರಪ್ಪನ ಕೇಂದ್ರವೂ ಉಳಿಯುತ್ತಿತ್ತು. ನಾನು ಬಾಯಿ ತೆರೆಯಲಿಲ್ಲ.

ತೆರೆದವರು ಅಮರಪ್ಪ. "ನೀರು ಕಲಸಿದಾಕಿ ಈಕಿ. ಇವರಪ್ಪನೂ ಹಿಂಗ ಮಾಡಿದ್ದ. ರಕ್ತದಾಗ ಐತಿ ಇವರಿಗೆ" ಎಂದರು.

ಈ ಮಾತು ಬರಬಹುದೆಂದು ನಾನು ಯೋಚಿಸಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಆದರೆ ಖರೆ. ಹೋಳಿನ ಬಗ್ಗೆ, ಗೆರೆಯ ಬಗ್ಗೆ, ಪೆಟ್ಟಿನ ಬಗ್ಗೆ ಎಲ್ಲ ಲೆಕ್ಕ ಹಾಕಿದ್ದೆ. ಇದೊಂದನ್ನು ಬಿಟ್ಟಿದ್ದೆ. ಜನ ಹೊರಗೆ ಹೋಗುತ್ತಲೇ ಉಳಿದ ನೀರನ್ನು ಮೋರಿಗೆ ಸುರಿದು ಬಾಟಲಿ ತೊಳೆದಿಟ್ಟು ಮನೆಗೆ ಬಂದೆ.

ಅಬ್ಬಾಗೆ ಎಲ್ಲ ಹೇಳಿದೆ. ಖುಷಿಯಾಗುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ, ಎಷ್ಟು ತೂಗಿದಿ ಎಂದು. ಹದಿನಾರು ಗ್ರಾಮ್ ಎಂದೆ. ಬಾಟಲಿಯ ಚೀಟಿಯಲ್ಲಿ ಎಷ್ಟು ಬರೆದಿದ್ದಿ ಎಂದರು. ಒಂದು ಗ್ರಾಮ್ ಆರುನೂರು ಎಂದೆ. ನಮ್ಮ ಮನೆಯ ಮಾತು ಉರ್ದು. ಸಿಟ್ಟು ಬಂದಾಗ ಮಾತ್ರ ಅಬ್ಬಾ ಟಿಕೋಟಾದ ಕನ್ನಡಕ್ಕೆ ಇಳಿಯುತ್ತಾರೆ.

"ಎರಡ ವರ್ಷ ಮಂದಿ ನಂದು ತಪ್ಪು ಕಲಸೋ ಕೈ ಅಂದ್ರು. ಸುಳ್ಳ ಇತ್ತು. ಸುಳ್ಳ ಐತಿ ಅಂತ ನನಗ ಗೊತ್ತಿತ್ತು, ಅದಕ್ಕ ಕುಂತಿದ್ದೆ. ನೀ ಇವತ್ತ ಅದನ್ನ ಖರೆ ಮಾಡಿ ಬಂದಿ."

ತಟ್ಟೆ ಸರಿಸಿ ಎದ್ದು ಹೋದರು. ಎರಡು ದಿನದಲ್ಲಿ ಪೇಟೆಯಲ್ಲಿ, ನಾಲ್ಕು ದಿನದಲ್ಲಿ ಟಿಕೋಟಾದಲ್ಲಿ, ಅಪ್ಪನ ಹಾಂಗ ಮಗಳು ಎಂಬ ಮಾತು ಓಡಾಡಿತು. ನನ್ನ ಸೋದರತ್ತೆ ಸುಗರಾಬಿ ಫೂಫಿ ಸಂತೆಯಿಂದ ಅದನ್ನೇ ಹೊತ್ತು ತಂದು ನಮ್ಮ ಹೊಸ್ತಿಲಲ್ಲಿ ಇಳಿಸಿದಳು. ಅಮರಪ್ಪ ಬಿದ್ದಿದ್ದರು ನಿಜ. ಬೀಳುವಾಗ ನಮ್ಮ ಮನೆಯ ಮೇಲೆ ಬಿದ್ದಿದ್ದರು.

ಆಗ ನನಗೆ ಬೇಕಾದದ್ದು ಬದಲಾಯಿತು. ಹೊಣೆ ಯಾರದೆಂದು ಅವರ ಕೈಬರಹದಲ್ಲೇ ಬೇಕು.

ಕೇಂದ್ರದಲ್ಲಿ ಟೈಪು ಮಾಡುವ ಜುಲೇಖಾ ನನ್ನ ಗೆಳತಿ. ಹತ್ತನೆಯ ದಿನ ಬೆಳಗ್ಗೆ ಅವಳು ಓಣಿಯಲ್ಲಿ ನಿಲ್ಲಿಸಿ, ದಿಲ್ಲಿಯಿಂದ ತಾರು ಬಂದಿದೆ, ಕೇಂದ್ರ ಮುಚ್ಚಿ ಯಂತ್ರಗಳನ್ನು ಮೊಹರು ಮಾಡಿ ಕಳಿಸಬೇಕಂತೆ, ಅದಕ್ಕೆ ಅಲ್ಲಿಯ ಕಾರಕೂನ ನಾಳೆಯೇ ಬರುತ್ತಾನಂತೆ, ಸಾಹೇಬರು ತಮ್ಮ ಊರಿನ ಮನೆಯಲ್ಲಿದ್ದಾರೆ, ಅವರಿಗಿನ್ನೂ ಗೊತ್ತಿಲ್ಲ ಎಂದಳು. ಮಧ್ಯಾಹ್ನದ ತನಕ ತಾರು ನಿನ್ನ ಹತ್ತಿರವೇ ಇರಲಿ ಎಂದೆ. ವಹಿ ಚೀಲಕ್ಕೆ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ.

ಅಮರಪ್ಪ ಪಡಸಾಲೆಯಲ್ಲಿ ಕುಳಿತಿದ್ದರು, ಗಡ್ಡ ಬೆಳೆದಿತ್ತು. ಅವರ ತಾಯಿ ರುದ್ರವ್ವ ನನಗೆ ನೀರು ಕೊಟ್ಟು ಒಳಗೆ ಹೋದಳು. ಬೈದು ಹೊರಗೆ ಹಾಕುವ ಮೊದಲು ನಾನು ವಹಿಯ ಮೊದಲ ಎರಡು ಪುಟ ಬಿಡಿಸಿ ಅವರ ಮುಂದೆ ಇಟ್ಟು, ಉಳಿದದ್ದನ್ನು ಕೈಯಲ್ಲಿ ಹಿಡಿದುಕೊಂಡೆ. ಓದಿದರು. ಹದಿನಾರು ಗ್ರಾಮ್ ಎಂಬಲ್ಲಿ ಮುಖ ಕಪ್ಪಾಯಿತು. ಪೊಲೀಸರ ಮಾತು ಬಾಯಿಗೆ ಬಂತು. ಕೆಳಗಿನ ಸಾಲಿಗೆ ಹೋದರು. ಏನು ಮಾಡಿದರೂ ಆ ಮನುಷ್ಯ ಕೆಲಸ ಬಲ್ಲವರು. ತೊಳೆದ ಮೇಲೆ ಏರಿತು ಎಂಬ ಸಾಲಿನ ಮೇಲೆ ಅವರ ಬೆರಳು ನಿಂತದ್ದನ್ನು ನಾನು ಕಂಡೆ. ಸಿಟ್ಟು ಹೋಗಿ ಹಸಿವು ಬಂದಿತ್ತು.

"ಉಳದಿದ್ದು ಕೊಡು" ಎಂದರು.

"ಮೊದಲ ಒಂದು ಕಾಗದ ಬರೀರಿ" ಎಂದೆ. "ಎಪ್ಪತ್ತೇಳರಾಗ ಕ್ಯಾಲ್ಸಿಯಂ ಹಸಿ ಆಗಿತ್ತು, ಕುತುಬುದ್ದೀನ ಎರಡ ಸಲ ಹೇಳಿದ್ದ, ನಾನ ತೂಗು ಅಂದಿದ್ದೆ. ತಪ್ಪು ನಂದು. ಸಹಿ ಮಾಡಿ ಮೊಹರು ಹಾಕ್ರಿ."

"ಬರೀಲಿಲ್ಲ ಅಂದ್ರ?"

"ನಿಮ್ಮ ಅಡಗಿಮನ್ಯಾಗ ಒಲಿ ಉರ್ಯಾಕತ್ತೇತಿ."

ಅವರು ಲೆಕ್ಕ ಹಾಕುತ್ತಿದ್ದರು. ಒಂದು ಕಂಪೌಂಡರನ ಹೆಸರು ಒಂದು ಕಡೆ, ಸಮಿತಿಯ ಬಾಯಿ ಮುಚ್ಚಿಸುವ ಏಳು ಹೋಳು ಇನ್ನೊಂದು ಕಡೆ. ಬರೆದರು. ನಾನು ಎರಡು ಸಲ ಓದಿ, ಕುತುಬುದ್ದೀನ ಎಂಬಲ್ಲಿ 'ಕಂಪೌಂಡರ' ಸೇರಿಸಲು ಹೇಳಿ, ಸೇರಿಸಿದ ಮೇಲೆ ವಹಿ ಕೊಟ್ಟೆ. ನನ್ನ ಹೆಸರಿದ್ದ ಹೊದಿಕೆಯನ್ನೂ ಕಿತ್ತುಕೊಳ್ಳಲಿಲ್ಲ. ಅವರು ನಿಂತಲ್ಲೇ ಪುಟ ತಿರುವತೊಡಗಿದರು. ನಾಳೆಯೇ ಇಲಿ ಕೊಯ್ಯುತ್ತೇನೆ, ವಾರದಲ್ಲಿ ಇಪ್ಪತ್ತು ಹೋಳು ಮಾಡುತ್ತೇನೆ, ಹೈದರಾಬಾದಿಗೆ ಬರೆಯುತ್ತೇನೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ತಲೆ ಎತ್ತಿ ಕೇಳಿದರು.

"ಅವತ್ತ ಪ್ರೊಫೆಸರು ಕೇಳಿದಾಗ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ನಿಮ್ಮ ಕೇಂದ್ರ ಉಳೀತಿತ್ತರಿ."

"ಹಂಗಾರ ಈಗ ಯಾಕ ಕೊಡಾಕತ್ತಿ?"

ನಾನು ಚಪ್ಪಲಿ ಮೆಟ್ಟಿಕೊಂಡೆ. ಮರುದಿನ ಅವರು ಕೇಂದ್ರಕ್ಕೆ ಬಂದಾಗ ಬಾಗಿಲಿಗೆ ಮೊಹರು ಬಿದ್ದಿತ್ತು. ದಾದಾಸಾಬ ಕಾಕಾ ಹೇಳಿದ ಪ್ರಕಾರ, ಸಾಹೇಬರು ವಹಿ ಕಂಕುಳಲ್ಲಿ ಇಟ್ಟುಕೊಂಡು ಬೀಗ ಹಿಡಿದು ಜಗ್ಗಿದರಂತೆ, ಎರಡು ತಾಸು ಕೊಡಿ, ಒಂದೇ ಹೋಳು ಎಂದು ದಿಲ್ಲಿಯಿಂದ ಬಂದ ಕಾರಕೂನನನ್ನು ಬೇಡಿದರಂತೆ. ಆಮೇಲೆ ಹೈದರಾಬಾದಿಗೆ ಮೂರು ಪತ್ರ ಬರೆದರಂತೆ. ಎಲ್ಲರೆದುರು ಮೂರು ಸಲ ಕೆಟ್ಟ ಪ್ರಯೋಗದವನು ಕಳಿಸಿದ, ಕೆಲಸದ ಹುಡುಗಿ ರವಿವಾರ ಕದ್ದು ಮಾಡಿದ ಏಳು ಹೋಳಿನ ವಹಿಯನ್ನು ಯಾರು ಅಚ್ಚು ಹಾಕುತ್ತಾರೆ? ಅವರಿಗೆ ಏನೂ ತಿಳಿಯದೇ ಇದ್ದಿದ್ದರೆ ಅಂದು ತಮ್ಮ ದಿನ ಕೆಟ್ಟಿತ್ತು ಎಂದು ಮರೆಯುತ್ತಿದ್ದರು. ಈಗ ತಮ್ಮ ಪರದೆಯ ಮೇಲೆ ಏನು ಬಂದು ಹೋಯಿತೆಂದು ಗೊತ್ತು. ಮಾಡಿ ತೋರಿಸಲು ಯಂತ್ರವಿಲ್ಲ. ನಾನು ಕೊಟ್ಟದ್ದು ಅದಕ್ಕೇ. ನನ್ನ ಹತ್ತಿರವೂ ವಹಿ ಉಳಿಯಲಿಲ್ಲ, ಆದರೆ ಆ ವ್ಯಾಪಾರದಲ್ಲಿ ನನಗೆ ನಷ್ಟವಾಯಿತೆಂದು ಒಂದು ದಿನವೂ ಅನಿಸಿಲ್ಲ.

ಕಾಗದವನ್ನು ಟಿಕೋಟಾದ ದವಾಖಾನೆಯ ಡಾಕ್ಟರು ಪಾಳಿಯಲ್ಲಿ ಕುಳಿತ ಜನರಿಗೆ ದೊಡ್ಡದಾಗಿ ಓದಿ ಹೇಳಿದರು. ಸೋಮವಾರದಿಂದ ಬಾ ಕುತುಬುದ್ದೀನ ಎಂದರು. ಸೋಮವಾರ ಅಬ್ಬಾನ ಜೊತೆ ನಾನೂ ಹೋದೆ. ಹಳೆಯ ಕೋಣೆಯಲ್ಲಿ ಎರಡು ವರ್ಷದ ಧೂಳು ಇತ್ತು. ಅವರು ತಕ್ಕಡಿಯ ಎರಡೂ ಪರಡಿ ಬಿಚ್ಚಿ ಬಟ್ಟೆಯಿಂದ ಒರೆಸಿ ಮತ್ತೆ ತೂಗುಹಾಕಿದರು. ಮುಳ್ಳು ನಡುವೆ ನಿಲ್ಲುವ ತನಕ ಕಾದರು. ಮೊದಲನೆಯ ಚೀಟಿ ಬಂತು, ಒಬ್ಬ ಮುದುಕಿಗೆ ಸೋಡಾ ಮಿಕ್ಸ್ಚರ್. ಸೋಡಾ ಪುಡಿಯ ಬೂದಿ ಬಣ್ಣದ ಡಬ್ಬಿ ಮೇಲಿನ ಹಲಗೆಯಲ್ಲಿತ್ತು. ಅದನ್ನು ಇಳಿಸಿ, ಚಮಚ ತೆಗೆದುಕೊಂಡು, ನಾನೇ ತೂಗಿಕೊಡುತ್ತೇನೆ ಎಂದು ತಕ್ಕಡಿಗೆ ಕೈ ಹಾಕಿದೆ.

"ನೀ ಮುಟ್ಟಬ್ಯಾಡ" ಎಂದರು ಅಬ್ಬಾ. ದನಿಯಲ್ಲಿ ಸಿಟ್ಟಿರಲಿಲ್ಲ. ಕೈಯಿಂದ ಚಮಚ ತೆಗೆದುಕೊಂಡು ತೂಗತೊಡಗಿದರು. ನಾನು ಬಾಗಿಲ ಹತ್ತಿರದ ಬಾಕಿನ ಮೇಲೆ, ಔಷಧಕ್ಕೆ ಕಾಯುವವರ ಸಾಲಿನಲ್ಲಿ ಹೋಗಿ ಕುಳಿತೆ.